ನಾಳೆ ಕರೆಂಟಿಲ್ಲ ಎಂದು ಅತಿಥಿಗಳಿಗೆ ಹೇಳುವ ಬಗೆ: ಮಲೆನಾಡಿನ ಹೋಂಸ್ಟೇಯವರಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಅಡಿಕೆ ತೋಟದೊಳಗೆ ಇಳಿದರೆ ನಮ್ಮ ಮನೆ. ನಾಲ್ಕು ಕೋಣೆಗಳ ಹೋಂಸ್ಟೇ. ಶುರು ಮಾಡಿದ ಮೊದಲ ವರ್ಷ, ಮರುದಿನ ಲೈನ್ ಕೆಲಸ ಇದೆಯೆಂದು ಗೊತ್ತಾದಾಗ ನಾನು ಕೆಂಪು ಪೆನ್ನಿನಲ್ಲಿ ಒಂದು ಚೀಟಿ ಬರೆದು ನಾಲ್ಕೂ ಬಾಗಿಲಿಗೆ ಅಂಟಿಸಿದ್ದೆ. "ಎಚ್ಚರಿಕೆ! ನಾಳೆ ಇಡೀ ದಿನ ವಿದ್ಯುತ್ ಇರುವುದಿಲ್ಲ. ನೀರನ್ನು ಮಿತವಾಗಿ ಬಳಸಿ." ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ರಾತ್ರಿ ನಾಲ್ಕು ಕೋಣೆಯವರೂ ಇದ್ದ ಬಕೆಟ್ಟು, ಚೊಂಬು, ಬಾಟಲಿಗಳಲ್ಲೆಲ್ಲ ನೀರು ಹಿಡಿದಿಟ್ಟುಕೊಂಡರು. ಬೆಳಿಗ್ಗೆ ಎಲ್ಲರೂ ಬೇಗ ಎದ್ದು, ಕರೆಂಟು ಹೋಗುವ ಮೊದಲೇ ಮುಗಿಸಬೇಕೆಂದು ಒಟ್ಟಿಗೇ ಗೀಸರ್ ಹಾಕಿ ಧಾರಾಳವಾಗಿ ಸ್ನಾನ ಮಾಡಿದರು. ಒಂಬತ್ತೂವರೆಗೆ ನಾನು ಟ್ಯಾಂಕ್ ನೋಡಿದರೆ ತಳದಲ್ಲಿ ಒಂದು ಗೇಣು ನೀರು. ನಮ್ಮ ಪಂಪಿಗೆ ಟ್ಯಾಂಕ್ ತುಂಬಿಸಲು ಒಂದು ಗಂಟೆಗಿಂತ ಹೆಚ್ಚು ಬೇಕು, ಲೈನ್ ತೆಗೆಯಲು ಉಳಿದದ್ದು ಅರ್ಧ ಗಂಟೆ. ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ನೀರಿಲ್ಲದಂತಾಯಿತು. ಸಣ್ಣ ಮಗುವಿದ್ದ ಕುಟುಂಬವೊಂದು ಒಂದು ದಿನ ಮುಂಚೆಯೇ ಹೊರಟಿತು. ಸಂಜೆ ಕೋಣೆ ಗುಡಿಸಲು ಹೋದರೆ ಹಿಡಿದಿಟ್ಟ ನೀರು ಮುಕ್ಕಾಲು ಪಾಲು ಹಾಗೇ ಇತ್ತು.

ಹೆದರಿದವರು ಕೂಡಿಡುತ್ತಾರೆ, ಕೂಡಿಟ್ಟಾಗ ಟ್ಯಾಂಕ್ ಖಾಲಿಯಾಗುತ್ತದೆ. ಆ ದಿನ ನೀರಿನ ತೊಂದರೆ ಹುಟ್ಟಿದ್ದು ನನ್ನ ಚೀಟಿಯಿಂದ. ಅಲ್ಲಿಂದೀಚೆಗೆ ಸೂಚನೆ ಬರೆಯುವುದನ್ನು ನಾನು ಅಡುಗೆಯಷ್ಟೇ ಗಮನ ಕೊಟ್ಟು ಮಾಡುತ್ತೇನೆ. ಹೇಗೆ ಮಾಡುತ್ತೇನೆಂದು ಇಲ್ಲಿ ಬರೆದಿದ್ದೇನೆ.

ಮೊದಲು: ಏನು ನಿಲ್ಲುತ್ತದೆ ಎಂದು ನೀವೇ ತಿಳಿದುಕೊಳ್ಳಿ

ನಮ್ಮ ಶಿವಮೊಗ್ಗ ಜಿಲ್ಲೆಗೆ ಕರೆಂಟು ಕೊಡುವುದು ಮೆಸ್ಕಾಂ. ಮುಂಚಿತವಾಗಿ ಗೊತ್ತಿರುವ ಕಡಿತದ ಪ್ರಕಟಣೆಯಲ್ಲಿ ಯಾವ ಉಪಕೇಂದ್ರ, ಯಾವ ಫೀಡರ್, ಯಾವ ಯಾವ ಊರು ಎಂದು ಇರುತ್ತದೆ. ಪೇಟೆಯ ಹೆಸರು ಕಂಡ ತಕ್ಷಣ ಸೂಚನೆ ಬರೆಯಲು ಕೂರಬೇಡಿ. ಫೀಡರ್ ಅಂದರೆ ಉಪಕೇಂದ್ರದಿಂದ ಊರುಗಳಿಗೆ ಹೊರಡುವ ಲೈನ್. ಪೇಟೆಗೊಂದು ಫೀಡರ್, ನಮ್ಮ ಹಳ್ಳಿಗೆ ಇನ್ನೊಂದು ಇರಬಹುದು. ನಿಮ್ಮ ಫೀಡರ್ ಯಾವುದೆಂದು ಲೈನ್‌ಮನ್ ಹತ್ತಿರ ಒಮ್ಮೆ ಕೇಳಿ, ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಪಕ್ಕದಲ್ಲೇ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಕೂಡ ಇರಲಿ. 1912ಕ್ಕೆ ಫೋನ್ ಮಾಡಿದಾಗ ಅದನ್ನು ಕೇಳುತ್ತಾರೆ, ಕತ್ತಲಲ್ಲಿ ಬಿಲ್ ಹುಡುಕುವ ಕೆಲಸ ತಪ್ಪುತ್ತದೆ.

ಎರಡನೆಯದು, ಕರೆಂಟು ಮತ್ತು ನೀರನ್ನು ಬೇರೆ ಬೇರೆಯಾಗಿ ಯೋಚಿಸಿ. ಪಟ್ಟಣದಿಂದ ಬಂದವರ ಮನಸ್ಸಿನಲ್ಲಿ ಇವೆರಡೂ ಒಂದೇ, ಕರೆಂಟು ಹೋದರೆ ಮೋಟರ್ ಇಲ್ಲ, ನೀರಿಲ್ಲ. ನಮ್ಮಲ್ಲಿ ಹಾಗಿರಬೇಕೆಂದಿಲ್ಲ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರಿಗೆ ಕರೆಂಟೇ ಬೇಡ. ಅಂಥ ಮನೆಯವರು ಅದನ್ನು ಸೂಚನೆಯಲ್ಲಿ ಬರೆಯಲು ಮರೆಯುತ್ತಾರೆ, ಏಕೆಂದರೆ ಅವರಿಗೆ ಅದು ದಿನನಿತ್ಯದ ಸಂಗತಿ. ಅತಿಥಿಗೆ ಅದೇ ದೊಡ್ಡ ಸಮಾಧಾನ. ಇದರ ತಿರುಗುಮುರುಗೂ ಇದೆ. ಬಾವಿಯ ಪಂಪು ತ್ರೀ ಫೇಸಿನದಾಗಿದ್ದರೆ, ಮನೆಯ ದೀಪಗಳೆಲ್ಲ ಉರಿಯುತ್ತಿದ್ದರೂ ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಪಂಪು ನಡೆಯುವುದಿಲ್ಲ. ಆಗ ನೀರಿನ ಸೂಚನೆ ಮಾತ್ರ ಬೇಕು, ಕರೆಂಟಿನ ಮಾತೇ ಬೇಡ.

ಬರೆಯುವ ಮೊದಲು ಅಳೆಯಿರಿ

"ಇನ್ವರ್ಟರ್ ಇದೆ, ಚಿಂತೆ ಇಲ್ಲ" ಎಂದು ಬರೆದು, ಮಧ್ಯಾಹ್ನ ಎರಡಕ್ಕೆ ಅದು ಕೂಗಿ ನಿಂತರೆ ಆಮೇಲೆ ನೀವು ಹೇಳುವ ಯಾವ ಮಾತನ್ನೂ ಅತಿಥಿ ನಂಬುವುದಿಲ್ಲ. ಸೂಚನೆಯಲ್ಲಿ ಕೊಡುವ ಪ್ರತಿ ಭರವಸೆಯನ್ನೂ ಮೊದಲು ಲೆಕ್ಕ ಹಾಕಿ ನೋಡಬೇಕು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ.

ನಮ್ಮದು 12 ವೋಲ್ಟಿನ, 150 ಎಎಚ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 1,800 ವಾಟ್-ಅವರ್. ಅದಷ್ಟೂ ಕೈಗೆ ಸಿಗುವುದಿಲ್ಲ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಇನ್ವರ್ಟರಿನಲ್ಲೂ ಸ್ವಲ್ಪ ಸೋರಿಹೋಗುತ್ತದೆ. ನಾನು 1,200 ಎಂದು ಹಿಡಿಯುತ್ತೇನೆ. ಮೊದಲು ನಾಲ್ಕು ಕೋಣೆಗಳಲ್ಲೂ ಸುಮಾರು 70 ವಾಟಿನ ಹಳೆಯ ಫ್ಯಾನ್ ಇದ್ದವು. ನಾಲ್ಕು ಫ್ಯಾನ್, 9 ವಾಟಿನ ನಾಲ್ಕು ದೀಪ, ವೈಫೈ ಡಬ್ಬಿಗೊಂದು 12 ವಾಟ್, ಎಲ್ಲ ಸೇರಿ 328 ವಾಟ್. 1,200ನ್ನು 328ರಿಂದ ಭಾಗಿಸಿದರೆ ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಏಳು ಗಂಟೆ. ಅಂದರೆ "ಫ್ಯಾನ್ ಎಂದಿನಂತೆ ಇರುತ್ತದೆ" ಎಂದು ಬರೆಯುವ ಹಕ್ಕು ನನಗಿರಲಿಲ್ಲ. ಆಗ ನಾನು ಬರೆಯುತ್ತಿದ್ದದ್ದು ಹೀಗೆ: "ದೀಪ ಮತ್ತು ವೈಫೈ ಸಂಜೆವರೆಗೂ ಇರುತ್ತವೆ. ಫ್ಯಾನ್ ಮಧ್ಯಾಹ್ನ ಊಟದ ಹೊತ್ತಿನವರೆಗೆ ಇರುತ್ತದೆ, ಆಮೇಲೆ ಜಗುಲಿಯಲ್ಲಿ ಒಳ್ಳೆಯ ಗಾಳಿ." ಊಟದ ಹೊತ್ತಿಗೆ ಕೋಣೆಗಳ ಫ್ಯಾನನ್ನು ನಾವೇ ನಿಲ್ಲಿಸಿದರೆ, ಉಳಿದದ್ದರಲ್ಲಿ ದೀಪ, ವೈಫೈ ಸಂಜೆ ದಾಟುತ್ತಿದ್ದವು.

ಈಗ 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ್ದೇವೆ. ಹಗಲಲ್ಲಿ ದೀಪ ಬೇಡ, ನಾಲ್ಕು ಫ್ಯಾನ್ ಮತ್ತು ವೈಫೈ ಸೇರಿ 132 ವಾಟ್, ಒಂಬತ್ತು ಗಂಟೆ ಬರುತ್ತದೆ. ಹಾಗಾಗಿ ಈಗಿನ ಸೂಚನೆಯಲ್ಲಿ ಫ್ಯಾನ್ ಇರುತ್ತದೆ ಎಂದು ಧೈರ್ಯವಾಗಿ ಬರೆಯುತ್ತೇನೆ.

ಕಾಗದದ ಲೆಕ್ಕ ಹೊಸ ಬ್ಯಾಟರಿಗೆ ಸರಿ. ಮೂರು ನಾಲ್ಕು ವರ್ಷ ದುಡಿದ ಬ್ಯಾಟರಿ ಎಷ್ಟು ಕೊಡುತ್ತದೆಂದು ತಿಳಿಯಲು ಒಂದೇ ದಾರಿ: ಅತಿಥಿಗಳಿಲ್ಲದ ದಿನ ಮೇನ್ ಸ್ವಿಚ್ ಆರಿಸಿ, ಎಲ್ಲ ಕೋಣೆಯ ಫ್ಯಾನು ದೀಪ ಹಾಕಿ, ಇನ್ವರ್ಟರ್ ಮೊದಲ ಸಲ ಕೂಗುವವರೆಗಿನ ಸಮಯ ಬರೆದುಕೊಳ್ಳುವುದು. ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಮ್ಮೆ, ಬೇಸಿಗೆಯ ಮುಂಚೆ ಒಮ್ಮೆ ಮಾಡಿದರೆ ಸಾಕು. ಪದೇ ಪದೇ ಹಾಗೆ ಬರಿದು ಮಾಡುವುದು ಬ್ಯಾಟರಿಗೆ ಒಳ್ಳೆಯದಲ್ಲ.

ನೀರಿನ ಲೆಕ್ಕ ಸುಲಭ. ಸ್ನಾನಕ್ಕೆ ಎರಡು ಬಕೆಟ್ ಅಂದರೆ ಸುಮಾರು 40 ಲೀಟರ್, ಫ್ಲಶ್ಶಿಗೆ ಇನ್ನೊಂದು 40, ಕೈಕಾಲು ಮುಖಕ್ಕೆ 20. ತಲೆಗೆ 100 ಲೀಟರ್ ಎಂದು ಹಿಡಿಯಿರಿ. ಎಂಟು ಅತಿಥಿಗಳಿಗೆ 800. ನಮ್ಮ ಟ್ಯಾಂಕ್ 1,000 ಲೀಟರಿನದು. ಹಿಂದಿನ ರಾತ್ರಿ ತುಂಬಿಸಿ, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಮೇಲೆ ತನಕ ತುಂಬಿಸಿದರೆ ಒಂದು ದಿನ ಯಾರಿಗೂ ಏನೂ ಹೇಳಬೇಕಾಗಿಲ್ಲ. ನೀರು ಮಿತವಾಗಿ ಬಳಸಿ ಎಂಬ ಸಾಲನ್ನು ನಾನು ಕೈಬಿಟ್ಟದ್ದು ಈ ಲೆಕ್ಕ ಹಾಕಿದ ಮೇಲೆ. ಎರಡು ದಿನದ ಕಡಿತವಾದರೆ ಆ ಸಾಲು ಬೇಕಾಗುತ್ತದೆ, ಆಗಲೂ ಅಳತೆಯ ಜೊತೆ ಬರೆಯುತ್ತೇನೆ: "ಇವತ್ತು ಶವರ್ ಬದಲು ಬಕೆಟ್ ಬಳಸಿದರೆ ನಾಳೆ ಸಂಜೆವರೆಗೆ ಎಲ್ಲರಿಗೂ ಸಾಕಷ್ಟು ನೀರಿರುತ್ತದೆ." ಏನು ಮಾಡಬೇಕು, ಮಾಡಿದರೆ ಏನಾಗುತ್ತದೆ ಎರಡೂ ಅದರಲ್ಲಿದೆ. ಮಿತ ಎಂದರೆ ಎಷ್ಟು ಎಂದು ತಿಳಿಯದವನು ಮಾತ್ರ ಬಕೆಟ್ ತುಂಬಿಸಿಡುತ್ತಾನೆ.

ಸಮಯವನ್ನು ಬರೆಯುವ ಬಗೆ

ಪ್ರಕಟಣೆಯಲ್ಲಿ ಸಂಜೆ 5 ಎಂದಿದ್ದರೆ ನೀವೂ 5 ಎಂದೇ ಬರೆದು ಬಿಡಬೇಡಿ. ಲೈನ್ ಮೇಲೆ ಕೆಲಸ ಮಾಡುವವರು ಮೊದಲು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಎಂಬ ಅನುಮತಿ ತೆಗೆದುಕೊಂಡಿರುತ್ತಾರೆ. ಕೊಂಬೆ ಕಡಿಯುವ ತಂಡ ಒಂದು ಕಡೆ, ಕಂಬ ಬದಲಿಸುವ ತಂಡ ಇನ್ನೊಂದು ಕಡೆ ಇದ್ದರೆ, ಕೊನೆಯ ತಂಡವೂ ಕೆಳಗಿಳಿದು ಎಲ್‌ಸಿ ವಾಪಸ್ ಕೊಡುವವರೆಗೆ ಉಪಕೇಂದ್ರದಲ್ಲಿ ಲೈನ್ ಚಾರ್ಜ್ ಮಾಡುವಂತಿಲ್ಲ. ಅದು ಜೀವದ ಪ್ರಶ್ನೆ. ಆದ್ದರಿಂದ 5 ಆರಾಗಬಹುದು, ಏಳೂ ಆಗಬಹುದು.

"ಸಂಜೆ 5ಕ್ಕೆ ಬರುತ್ತದೆ" ಎಂದು ಓದಿದವರು 5.10ಕ್ಕೆ ಗಡಿಯಾರ ನೋಡುತ್ತಾರೆ, 5.30ಕ್ಕೆ ಅಡುಗೆಮನೆ ಬಾಗಿಲಿಗೆ ಬರುತ್ತಾರೆ. "ಸಂಜೆ 5ರವರೆಗೆ, ಕೆಲವೊಮ್ಮೆ 7ರವರೆಗೂ ಆಗುತ್ತದೆ" ಎಂದು ಓದಿದವರು ಆರಕ್ಕೆ ಬಂದರೆ ಖುಷಿಪಡುತ್ತಾರೆ. ಆದರೆ ಏಳರವರೆಗೆ ಎಂದು ಬರೆದ ಮೇಲೆ ಬ್ಯಾಟರಿಯ ಲೆಕ್ಕವನ್ನೂ ಏಳರವರೆಗೆ ಹಾಕಬೇಕು. ನಮ್ಮಲ್ಲಿ ಸಂಜೆ ದೀಪಗಳೂ ಸೇರಿದಾಗ ಅದು 1,200ನ್ನು ಸ್ವಲ್ಪ ದಾಟುತ್ತದೆ. ಹಾಗಾಗಿ 5 ದಾಟಿದರೂ ಕರೆಂಟು ಬರದಿದ್ದರೆ ನಾನೇ ಹೋಗಿ, ತಂಪಾಗಿದೆಯಲ್ಲ, ಫ್ಯಾನ್ ಆರಿಸಿದರೆ ರಾತ್ರಿ ದೀಪಕ್ಕೆ ಆಗುತ್ತದೆ ಎಂದು ಹೇಳಿ ಬರುತ್ತೇನೆ.

ಈಗ ಬರೆಯಿರಿ

ನಾನು ಪಾಲಿಸುವ ಕ್ರಮ ಇಷ್ಟು. ಯಾವಾಗ, ಯಾಕೆ ಎಂದು ಮೊದಲ ಎರಡು ಸಾಲು. ಆಮೇಲೆ ಏನೇನು ಇರುತ್ತದೆ. ಅದಾದ ಮೇಲೆ ಏನು ಇರುವುದಿಲ್ಲ, ಅದರ ಬದಲಿಗೆ ನಾವೇನು ಕೊಡುತ್ತೇವೆ. ಕೊನೆಗೆ ಮೊದಲೇ ತಿಳಿಸಬೇಕಾದವರಿಗೊಂದು ಮಾತು. ಕಾರಣ ಹೇಳುವುದನ್ನು ಬಿಡಬೇಡಿ. "ಲೈನ್ ಕೆಲಸ" ಎಂಬ ಎರಡು ಪದ ಇಲ್ಲದಿದ್ದರೆ, ಬಿಲ್ ಕಟ್ಟಿಲ್ಲವೇನೋ, ಏನೋ ಅನಾಹುತವಾಗಿದೆಯೇನೋ ಎಂದು ಓದುವವರು ತಾವೇ ಕಾರಣ ಹುಟ್ಟಿಸಿಕೊಳ್ಳುತ್ತಾರೆ. ಕಳೆದ ಮಾರ್ಚಿನಲ್ಲಿ ಕೊಟ್ಟ ಸೂಚನೆ ಇದು:

> ನಮಸ್ಕಾರ. ನಾಳೆ ಮಂಗಳವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಲೈನ್ ಕೆಲಸಕ್ಕಾಗಿ ನಮ್ಮ ಊರಿನ ಕರೆಂಟು ತೆಗೆಯುತ್ತಾರೆ. ಕೆಲವೊಮ್ಮೆ 7ರವರೆಗೂ ಆಗುವುದುಂಟು.
>
> ಕೋಣೆಯ ದೀಪ, ಫ್ಯಾನ್, ವೈಫೈ ಎಂದಿನಂತೆ ಇರುತ್ತವೆ. ಮೊಬೈಲ್ ಚಾರ್ಜ್ ಮಾಡಬಹುದು. ಟ್ಯಾಂಕ್ ತುಂಬಿಸಿಟ್ಟಿದ್ದೇವೆ, ನಲ್ಲಿಯಲ್ಲಿ ನೀರು ದಿನವಿಡೀ ಬರುತ್ತದೆ. ಊಟ ತಿಂಡಿ ಎಂದಿನ ಹೊತ್ತಿಗೆ.
>
> ಗೀಸರ್ ಮತ್ತು ಕೆಟಲ್ ಆ ಹೊತ್ತಿನಲ್ಲಿ ನಡೆಯುವುದಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಕಾದಿರುತ್ತದೆ, ಹೇಳಿದರೆ ಕೋಣೆಗೆ ತಂದುಕೊಡುತ್ತೇವೆ. ಕಾಫಿ, ಚಹಾ ಯಾವಾಗ ಬೇಕಾದರೂ ಅಡುಗೆಮನೆಯಿಂದ.
>
> ಫ್ರಿಜ್‌ನಲ್ಲಿಡುವ ಔಷಧಿ, ಕರೆಂಟಿನಿಂದ ನಡೆಯುವ ಆರೋಗ್ಯದ ಉಪಕರಣ, ಅಥವಾ ನಾಳೆ ಆನ್‌ಲೈನ್ ಮೀಟಿಂಗ್ ಇದ್ದರೆ ಇವತ್ತು ರಾತ್ರಿ ಊಟದ ಹೊತ್ತಿಗೆ ತಿಳಿಸಿ. ಅದಕ್ಕೆ ಬೇಕಾದ ವ್ಯವಸ್ಥೆ ಮಾಡುತ್ತೇವೆ.

ಇದರಲ್ಲಿ "ಎಚ್ಚರಿಕೆ", "ದಯವಿಟ್ಟು ಸಹಕರಿಸಿ", "ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಯಾವುದೂ ಇಲ್ಲ. ಸಹಕರಿಸಿ ಎಂದ ಕೂಡಲೇ ಏನನ್ನೋ ಸಹಿಸಬೇಕು ಎಂದು ಓದುವವರಿಗೆ ಅನ್ನಿಸುತ್ತದೆ. "ವಿದ್ಯುತ್ ವ್ಯತ್ಯಯ" ಕಚೇರಿಯ ಮಾತು, ಮನೆಯೊಳಗೆ ಅದು ಪರಕೀಯವಾಗಿ ಕೇಳುತ್ತದೆ. ಕರೆಂಟು ಎಂದೇ ಬರೆಯಿರಿ. ಪೂರ್ತಿ ದಪ್ಪಕ್ಷರ, ಕೆಂಪು ಶಾಯಿ, ಮೂರು ಮೂರು ಆಶ್ಚರ್ಯಸೂಚಕ ಬೇಡ.

ಔಷಧಿಯ ಸಾಲಿನ ಬಗ್ಗೆ ಇನ್ನಷ್ಟು ಹೇಳಬೇಕು. ಗಾಬರಿಯಾದೀತೆಂದು ಅದನ್ನು ಬಿಡುವವರಿದ್ದಾರೆ. ಬಿಡಬಾರದು. ನಿದ್ದೆಯಲ್ಲಿ ಉಸಿರಾಟಕ್ಕೆ ಯಂತ್ರ ಹಾಕಿಕೊಳ್ಳುವವರು, ಮಗುವಿಗೆ ನೆಬ್ಯುಲೈಸರ್ ಕೊಡುವವರು, ಇನ್ಸುಲಿನ್ ಇಟ್ಟುಕೊಂಡವರು ನಮ್ಮಲ್ಲಿ ಉಳಿದಿದ್ದಾರೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ, ಏಳು ಗಂಟೆಗೆ ಅದು ಸಾಲದು. ಹಿಂದಿನ ರಾತ್ರಿ ಗೊತ್ತಾದರೆ ಐಸ್ ಪ್ಯಾಕ್ ಗಟ್ಟಿ ಮಾಡಿಟ್ಟು ಥರ್ಮೋಕೋಲ್ ಡಬ್ಬಿ ಸಿದ್ಧಮಾಡಬಹುದು. ಔಷಧಿ ಐಸಿಗೆ ನೇರ ತಾಗದಂತೆ ನಡುವೆ ಬಟ್ಟೆ ಇಡಬೇಕು, ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ. ಎಲ್ಲರೆದುರು ಊಟದ ಮೇಜಿನಲ್ಲಿ "ಯಾರಿಗಾದರೂ ಶುಗರ್ ಇದೆಯಾ" ಎಂದು ಕೇಳಬೇಡಿ. ಕಾಗದದಲ್ಲಿ ಓದಿದವರು ತಾವಾಗಿ ಬಂದು ಹೇಳುತ್ತಾರೆ.

ಯಾವಾಗ, ಹೇಗೆ ಕೊಡುವುದು

ಹಿಂದಿನ ಸಂಜೆ, ಕಾಫಿಯ ಜೊತೆ. ನಾಳೆ ಬರಲಿರುವವರಿಗೆ ಅದೇ ಬರಹ ವಾಟ್ಸಾಪಿನಲ್ಲಿ, ಅವರು ಊರಿಂದ ಹೊರಡುವ ಮೊದಲು. ಕರೆಂಟು ಹೋದ ಮೇಲೆ ಸಂದೇಶ ಕಳಿಸುತ್ತೇನೆಂದು ಕೂರಬೇಡಿ. ಕಡಿತ ಉದ್ದವಾದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ನೆಟ್‌ವರ್ಕ್ ಹೋಗುತ್ತದೆ, ನಮ್ಮ ಕಡೆ ಅದು ಎಲ್ಲರ ಅನುಭವ. ವೈಫೈ ಕೂಡ ಅಷ್ಟೇ: ನಮ್ಮ ಡಬ್ಬಿಗೆ ಕರೆಂಟಿದ್ದರೂ ಆ ತುದಿಯಲ್ಲಿ ಇಲ್ಲದಿದ್ದರೆ ಇಂಟರ್ನೆಟ್ ಬರುವುದಿಲ್ಲ. ಮೀಟಿಂಗ್ ಇದೆ ಎಂದವರಿಗೆ ಇದನ್ನು ಬಾಯಲ್ಲೇ ಬಿಡಿಸಿ ಹೇಳಿ, ಬೆಳಿಗ್ಗೆಯೇ ತೀರ್ಥಹಳ್ಳಿ ಪೇಟೆಗೆ ಹೋಗಿ ಕೂರುವುದು ಒಳ್ಳೆಯದಾದರೆ ಅದನ್ನೂ ಹೇಳಿ. ಕವಲೇದುರ್ಗ, ಕುಂದಾದ್ರಿಗೆ ಹೋಗುವ ಯೋಚನೆ ಇದ್ದವರು ಸೂಚನೆ ಓದಿ ಆ ದಿನವನ್ನೇ ಆರಿಸಿಕೊಳ್ಳುತ್ತಾರೆ, ಅದು ಎಲ್ಲರಿಗೂ ಅನುಕೂಲ.

ಬಾಗಿಲಿಗೆ ಅಂಟಿಸುವುದಕ್ಕಿಂತ ಕೋಣೆಯ ಮೇಜಿನ ಮೇಲೆ, ನೀರಿನ ಹೂಜಿಯ ಕೆಳಗೆ ಇಟ್ಟ ಕಾಗದವನ್ನು ಜನ ಸಮಾಧಾನವಾಗಿ ಓದುತ್ತಾರೆ. ಕೆಲಸದ ಅಕ್ಕನಿಗೂ ಅದೇ ಕಾಗದ ಓದಿ ಹೇಳಿ. ನೀವು ಫ್ಯಾನ್ ಇರುತ್ತದೆ ಎಂದು ಬರೆದು, ಅವರು "ಅಯ್ಯೋ, ನಾಳೆ ಏನೂ ಇಲ್ಲ ಮಾರಾಯ್ರೆ" ಎಂದರೆ ಅತಿಥಿ ನಂಬುವುದು ಅವರ ಮಾತನ್ನು.

ಮಳೆಗಾಲದ ರಾತ್ರಿ, ಹೇಳದೆ ಹೋದಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ಹೋಗುವುದು ಪ್ರಕಟಣೆ ಕೊಟ್ಟಲ್ಲ, ಮರ ಬಿದ್ದು. ಆಗ ಬರೆಯಲು ಹೊತ್ತಿಲ್ಲ. ಅದಕ್ಕೆ ಪ್ರತಿ ಕೋಣೆಯಲ್ಲಿ ಹಾಸಿಗೆಯ ಪಕ್ಕ ಕೈಯಗಲದ ಒಂದು ಕಾರ್ಡು ಸದಾ ಇರಬೇಕು, ಅದರ ಜೊತೆ ಒಂದು ಟಾರ್ಚ್. ಮೇಣದಬತ್ತಿ ಬೇಡ, ಸೊಳ್ಳೆಪರದೆ ಇರುವ ಮನೆಯಲ್ಲಂತೂ ಬೇಡವೇ ಬೇಡ. ನಮ್ಮ ಕಾರ್ಡಿನಲ್ಲಿರುವುದು: "ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಗುವುದು ಸಾಮಾನ್ಯ. ಕೋಣೆಯ ದೀಪ ತಾನಾಗಿ ಇನ್ವರ್ಟರಿಗೆ ಬರುತ್ತದೆ, ರಾತ್ರಿಯಿಡೀ ಇರುತ್ತದೆ. ನಾವು ಪಕ್ಕದ ಮನೆಯಲ್ಲೇ ಇದ್ದೇವೆ, ಎಷ್ಟು ಹೊತ್ತಿಗೂ ಬಾಗಿಲು ಬಡಿಯಿರಿ." ರಾತ್ರಿಯಿಡೀ ಎಂಬುದೂ ಲೆಕ್ಕದ ಮಾತೇ. ಮಳೆಯ ಚಳಿಗೆ ಫ್ಯಾನ್ ಯಾರೂ ಹಾಕುವುದಿಲ್ಲ. ಎಂಟು ದೀಪ ಮತ್ತು ವೈಫೈ ಸೇರಿ 84 ವಾಟ್, ಹದಿನಾಲ್ಕು ಗಂಟೆ ಬರುತ್ತದೆ.

"ಎಷ್ಟು ಹೊತ್ತಿಗೆ ಬರುತ್ತೆ ಮೇಡಂ?" ಎಂದು ಖಂಡಿತ ಕೇಳುತ್ತಾರೆ. ಈಗ ಬರುತ್ತೆ ಎನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಮಾತು, ಅದನ್ನು ತಡೆಯಬೇಕು. ಕಂಬ ಮುರಿದಿದ್ದರೆ ಎರಡು ದಿನವೂ ಆಗುತ್ತದೆ. ಬರುವ ಸಮಯ ಹೇಳಲು ಆಗದಿದ್ದಾಗ, ನಾನು ಮತ್ತೆ ಸುದ್ದಿ ತರುವ ಸಮಯ ಹೇಳುತ್ತೇನೆ: "ದೂರು ಕೊಟ್ಟಿದ್ದೇವೆ. ಎಲ್ಲಿ ಹೋಗಿದೆ ಎಂದು ಇನ್ನೂ ಗೊತ್ತಾಗಿಲ್ಲ. ಒಂಬತ್ತಕ್ಕೆ ಊಟಕ್ಕೆ ಬಂದಾಗ ಗೊತ್ತಾದಷ್ಟು ಹೇಳುತ್ತೇನೆ." ಒಂಬತ್ತಕ್ಕೆ ಏನೂ ಗೊತ್ತಾಗದಿದ್ದರೂ ಹೋಗಿ ಅದನ್ನೇ ಹೇಳಬೇಕು.

ಒಂದು ಕಡೆ ಮಾತ್ರ ಮೃದುವಾಗಿ ಬರೆಯಬಾರದು. ತಂತಿ ಹರಿದು ನೆಲಕ್ಕೆ, ಬೇಲಿಗೆ ಬಿದ್ದಿದ್ದರೆ ಅಲ್ಲಿ ಗಾಬರಿಯ ಲೆಕ್ಕ ನೋಡುವಂತಿಲ್ಲ. "ತೋಟದ ದಾರಿಯಲ್ಲಿ ತಂತಿ ಬಿದ್ದಿದೆ. ಆ ಕಡೆ ಯಾರೂ ಹೋಗಬೇಡಿ, ಮಕ್ಕಳನ್ನು ಹೊರಗೆ ಬಿಡಬೇಡಿ." ಇಷ್ಟೇ, ಪ್ರತಿ ಕೋಣೆಗೂ ಹೋಗಿ ಬಾಯಲ್ಲೇ ಹೇಳಿ, 1912ಕ್ಕೆ ಫೋನ್ ಮಾಡಿ. ಮನೆಯಲ್ಲಿ ಕರೆಂಟಿಲ್ಲ ಎಂದ ಮಾತ್ರಕ್ಕೆ ಆ ತಂತಿಯಲ್ಲಿ ಇಲ್ಲ ಎಂದುಕೊಳ್ಳಬಾರದು. ಎಲ್ಲದಕ್ಕೂ "ಎಚ್ಚರಿಕೆ" ಬರೆದು ಸವೆಸದೆ ಇದ್ದರೆ ಈ ಒಂದು ಹೊತ್ತಿನಲ್ಲಿ ಆ ಪದ ಕೆಲಸಕ್ಕೆ ಬರುತ್ತದೆ.

ನಲ್ಲಿ ನಿಂತಾಗ

ನೀರು ನಿಲ್ಲುವ ಸೂಚನೆಯಲ್ಲಿ ಹೆಚ್ಚಿನವರು ಮರೆಯುವ ಸಾಲು ಒಂದಿದೆ: "ನಲ್ಲಿ ತಿರುಗಿಸಿ ನೀರು ಬಾರದಿದ್ದರೆ ಮತ್ತೆ ಮುಚ್ಚಿಬಿಡಿ." ಅತಿಥಿ ನಲ್ಲಿ ತೆರೆದು ನೋಡುತ್ತಾನೆ, ನೀರಿಲ್ಲ, ಹಾಗೇ ಬಿಟ್ಟು ತಿರುಗಾಟಕ್ಕೆ ಹೋಗುತ್ತಾನೆ. ಪಂಪು ಶುರುವಾದಾಗ ಬೀಗ ಹಾಕಿದ ಕೋಣೆಯೊಳಗೆ ಟ್ಯಾಂಕಿನ ನೀರೆಲ್ಲ ಹರಿದುಹೋಗುತ್ತದೆ. ಟ್ಯಾಂಕ್ ಎಷ್ಟು ಹೊತ್ತಾದರೂ ತುಂಬದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಜೊತೆಗೆ, ನೀರಿಲ್ಲದ ಹೊತ್ತಿನಲ್ಲಿ ಗೀಸರ್ ಹಾಕದಂತೆ ಅದರ ಸ್ವಿಚ್ಚನ್ನು ನೀವೇ ಆರಿಸಿ ಬನ್ನಿ, ಅತಿಥಿಗೆ ಆ ಕೆಲಸ ಹೊರಿಸಬೇಡಿ.

ಅಬ್ಬಿ ನೀರಿನವರಿಗೆ ಇನ್ನೊಂದು. ಜೋರು ಮಳೆಗೆ ನೀರು ಕೆಂಪಾಗಿ ಬರುತ್ತದೆ, ಇಲ್ಲವೇ ಎಲೆ ಕಟ್ಟಿಕೊಂಡು ಪೈಪೇ ನಿಲ್ಲುತ್ತದೆ. ಕೆಂಪು ನೀರು ಕಂಡವರು ಕುಡಿಯುವ ನೀರೂ ಇದೇ ಎಂದು ಹೆದರುತ್ತಾರೆ. "ಮಳೆಗೆ ಗುಡ್ಡದ ಮಣ್ಣು ಸೇರಿ ನಲ್ಲಿ ನೀರು ಕೆಂಪಾಗಿದೆ. ಕುಡಿಯಲು, ಹಲ್ಲುಜ್ಜಲು ಹೂಜಿಯಲ್ಲಿರುವ ಕುದಿಸಿ ಆರಿಸಿದ ನೀರು ಬಳಸಿ, ಬೇಕಾದಷ್ಟು ಕೊಡುತ್ತೇವೆ" ಎಂದು ಬರೆದಿಟ್ಟರೆ ಕೇಳುವ ಮೊದಲೇ ಉತ್ತರ ಸಿಗುತ್ತದೆ. ಬರೆದ ಮೇಲೆ ಹೂಜಿ ತುಂಬಿರಬೇಕು.

ಕರೆಂಟು ಬಂದ ಮೇಲೆ

ಕಾಗದಗಳನ್ನು ಅದೇ ಸಂಜೆ ತೆಗೆಯಿರಿ. "ನಾಳೆ ಕರೆಂಟಿಲ್ಲ" ಎಂಬ ಚೀಟಿ ಮೂರು ದಿನ ಮೇಜಿನ ಮೇಲೇ ಇದ್ದರೆ, ಹೊಸದಾಗಿ ಬಂದವರಿಗೆ ಯಾವ ನಾಳೆ ಎಂದು ತಿಳಿಯುವುದಿಲ್ಲ. ಸೂಚನೆಯಲ್ಲಿ ವಾರದ ಹೆಸರು ಇರಲೇಬೇಕು ಎನ್ನುವುದು ಅದಕ್ಕೇ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಹೇಳಿದ ಸಮಯ, ನಿಜವಾಗಿ ಬಂದ ಸಮಯ, ಇನ್ವರ್ಟರ್ ಕೂಗಿತೇ ಇಲ್ಲವೇ, ಟ್ಯಾಂಕಿನಲ್ಲಿ ಉಳಿದ ನೀರೆಷ್ಟು ಎಂದು ಬರೆದಿಡಿ. ಆ ಮಾರ್ಚಿನ ಮಂಗಳವಾರದ ಎದುರು ನಮ್ಮ ಪುಸ್ತಕದಲ್ಲಿರುವುದು ಇಷ್ಟು: 5 ಎಂದಿದ್ದರು, 6.20ಕ್ಕೆ ಬಂತು. ಇನ್ವರ್ಟರ್ ಕೂಗಲಿಲ್ಲ. ಟ್ಯಾಂಕ್ ಅರ್ಧ ಇತ್ತು. ಬಕೆಟ್ ಯಾರೂ ತುಂಬಿಸಿಟ್ಟಿರಲಿಲ್ಲ.